ಒಂದು ವಾರ ತಡವಾಗಿ ಸೇರಿದರೆ ಹೈಕ್ ಯಾಕೆ ಒಂದು ವರ್ಷ ಮುಂದಕ್ಕೆ ಹೋಗುತ್ತದೆ?

ಇಬ್ಬರು ಒಂದೇ ಕಂಪನಿಗೆ, ಒಂದೇ ಹುದ್ದೆಗೆ, ಒಂದೇ ಸಂಬಳಕ್ಕೆ ಸೇರುತ್ತಾರೆ ಅಂದುಕೊಳ್ಳಿ. ಒಬ್ಬರು 2025ರ ಸೆಪ್ಟೆಂಬರ್ 29ರ ಸೋಮವಾರ ಸೇರಿದರು. ಇನ್ನೊಬ್ಬರು "ಆಯುಧ ಪೂಜೆ, ವಿಜಯದಶಮಿ ಮುಗಿಸಿಕೊಂಡೇ ಬರ್ತೀನಿ ಸಾರ್" ಅಂತ ಎಚ್‌ಆರ್‌ಗೆ ಹೇಳಿ, ಮುಂದಿನ ಸೋಮವಾರ, ಅಂದರೆ ಅಕ್ಟೋಬರ್ 6ಕ್ಕೆ ಸೇರಿದರು. ಎಚ್‌ಆರ್ ಕೂಡ ಸಂತೋಷವಾಗಿ ಒಪ್ಪಿಕೊಂಡರು. ಯಾರೂ ಏನೂ ತಪ್ಪು ಮಾಡಿಲ್ಲ. ಆದರೆ ಮೊದಲನೆಯವರಿಗೆ 2026ರ ಏಪ್ರಿಲ್‌ನಲ್ಲಿ ಹೈಕ್ ಸಿಗುತ್ತದೆ, ಎರಡನೆಯವರಿಗೆ 2027ರ ಏಪ್ರಿಲ್‌ನಲ್ಲಿ. ಒಂದು ವಾರದ ವ್ಯತ್ಯಾಸಕ್ಕೆ ಒಂದು ವರ್ಷದ ಕಾಯುವಿಕೆ.

ಕಾರಣ, ಆ ಕಂಪನಿಯ ಕಟ್-ಆಫ್ ಸೆಪ್ಟೆಂಬರ್ 30. ಅದು ಆಫರ್ ಲೆಟರ್‌ನಲ್ಲಿ ಇರಲಿಲ್ಲ. ಸಾಮಾನ್ಯವಾಗಿ ಇರುವುದೂ ಇಲ್ಲ.

ಈ ಲೇಖನ ವರ್ಷದ ನಡುವೆ ಕೆಲಸ ಬದಲಾಯಿಸುವವರಿಗೆ. ಅದರಲ್ಲೂ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಅಪ್ರೈಸಲ್ ಲೆಕ್ಕ ಇಡುವ ಖಾಸಗಿ ಕಂಪನಿಗಳಿಗೆ ಸೇರುವವರಿಗೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದೇ ಪದ್ಧತಿ ಹೆಚ್ಚು. ಕೆಲವು ವಿದೇಶಿ ಕಂಪನಿಗಳು ಜನವರಿಯಿಂದ ಡಿಸೆಂಬರ್ ಲೆಕ್ಕ ಹಿಡಿಯುತ್ತವೆ. ಅಲ್ಲಿ ತಿಂಗಳುಗಳು ಬದಲಾಗುತ್ತವೆ, ತರ್ಕ ಬದಲಾಗುವುದಿಲ್ಲ.

ಮೊದಲು, ಕಟ್-ಆಫ್ ಯಾಕೆ ಇರುತ್ತದೆ ಅಂತ ತಿಳಿದುಕೊಳ್ಳಿ

ಕಾರಣ ಗೊತ್ತಿದ್ದರೆ ಎಚ್‌ಆರ್ ಜೊತೆ ಏನು ಕೇಳಬಹುದು, ಏನು ಕೇಳಿ ಪ್ರಯೋಜನವಿಲ್ಲ ಅನ್ನುವುದು ಗೊತ್ತಾಗುತ್ತದೆ.

ಕಂಪನಿಯವರು ಮೊದಲು ಹೇಳುವ ಕಾರಣ ಇದು: ನಿಮ್ಮ ಸಂಬಳ ಈಗಷ್ಟೇ ನಿಗದಿಯಾಗಿದೆ. ಆಫರ್ ಕೊಡುವಾಗ ಮಾರುಕಟ್ಟೆಯಲ್ಲಿ ಆ ಹುದ್ದೆಗೆ ಎಷ್ಟು ನಡೀತಿದೆ ಅಂತ ನೋಡಿಯೇ ಕೊಟ್ಟಿರುತ್ತಾರೆ. ಹಳೆಯ ಕೆಲಸ ಬಿಟ್ಟು ಬರುವಾಗ ನೀವೂ ಒಂದಿಷ್ಟು ಜಾಸ್ತಿ ಕೇಳಿಯೇ ಬಂದಿರುತ್ತೀರಿ. ಆರು ತಿಂಗಳೂ ಆಗದೆ ಮತ್ತೆ ಏರಿಸಿದರೆ, ಒಂದೇ ಮಾರುಕಟ್ಟೆ ಬೆಲೆಗೆ ಎರಡು ಸಲ ಹಣ ಕೊಟ್ಟಂತೆ ಅನ್ನುವುದು ಅವರ ವಾದ. ಇದರಲ್ಲಿ ಹುರುಳಿದೆ. ಆದರೆ ಹದಿನೆಂಟು ತಿಂಗಳು ಕಾಯಿಸಿದಾಗ ಇದೇ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಎರಡನೆಯದು ಮೌಲ್ಯಮಾಪನದ ಕಷ್ಟ. ಸೆಲ್ಫ್ ಅಪ್ರೈಸಲ್ ತುಂಬುವ ಕೆಲಸ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲೇ ಶುರುವಾಗುತ್ತದೆ. ಡಿಸೆಂಬರ್‌ನಲ್ಲಿ ಸೇರಿದವರ ಬಗ್ಗೆ ಮ್ಯಾನೇಜರ್ ಆಗ ಏನು ಬರೆಯಬೇಕು? ಲ್ಯಾಪ್‌ಟಾಪ್ ಬಂದು, ಆಕ್ಸೆಸ್ ಸಿಕ್ಕಿ, ಪ್ರಾಜೆಕ್ಟ್ ಅರ್ಥವಾಗುವಷ್ಟರಲ್ಲೇ ಫಾರ್ಮ್ ಮುಚ್ಚಿರುತ್ತದೆ.

ಹೊರಗಿನವರಿಗೆ ಕಾಣದ, ಆದರೆ ಎಲ್ಲಕ್ಕಿಂತ ಬಲವಾದ ಕಾರಣ ಮೂರನೆಯದು. ಅದು ಬಜೆಟ್. ಹೈಕ್ ಹಣ ಮೇಲಿಂದ ಒಂದು ಗಂಟಾಗಿ ಬರುತ್ತದೆ. ಕಟ್-ಆಫ್ ದಿನ ಯಾರು ಯಾರು ಅರ್ಹರು ಅಂತ ಪಟ್ಟಿ ತೆಗೆಯುತ್ತಾರೆ. ಅವರ ಒಟ್ಟು ಸಂಬಳದ ಮೇಲೆ ಒಂದು ಶೇಕಡಾವಾರು ಹಾಕಿ ಪ್ರತಿ ಮ್ಯಾನೇಜರ್‌ಗೂ ಹಂಚುತ್ತಾರೆ. ಒಂದು ತಂಡದಲ್ಲಿ ಎಂಟು ಜನ ಅರ್ಹರಿದ್ದಾರೆ, ಅವರ ವಾರ್ಷಿಕ ಸಂಬಳ ಸೇರಿ 1 ಕೋಟಿ ರೂಪಾಯಿ ಅನ್ನೋಣ. ಶೇಕಡಾ 8ರಂತೆ ಮ್ಯಾನೇಜರ್ ಕೈಗೆ 8 ಲಕ್ಷ ಬಂತು. ಒಂಬತ್ತನೆಯವರು ಅಕ್ಟೋಬರ್‌ನಲ್ಲಿ ಸೇರಿದ್ದಾರೆ. ಅವರ ಹೆಸರು ಪಟ್ಟಿಯಲ್ಲಿಲ್ಲ, ಹಾಗಾಗಿ ಅವರ ಪಾಲಿನ ಹಣವೂ ಆ 8 ಲಕ್ಷದಲ್ಲಿ ಇಲ್ಲ. ಅವರಿಗೆ ಕೊಡಬೇಕೆಂದರೆ ಮಿಕ್ಕ ಎಂಟು ಜನರಿಂದ ಕಿತ್ತು ಕೊಡಬೇಕು. ಎಷ್ಟೋ ಸಲ ಮ್ಯಾನೇಜರ್ ತೆರೆಯುವ ಶೀಟ್‌ನಲ್ಲಿ ಆ ಒಂಬತ್ತನೆಯ ಸಾಲೇ ಇರುವುದಿಲ್ಲ, ಇದ್ದರೂ ಬೂದು ಬಣ್ಣದಲ್ಲಿ ಲಾಕ್ ಆಗಿರುತ್ತದೆ.

ಅದಕ್ಕೇ ಮಾರ್ಚ್‌ನಲ್ಲಿ ಹೋಗಿ "ನಾನು ಚೆನ್ನಾಗಿ ಕೆಲಸ ಮಾಡಿದ್ದೀನಲ್ಲ, ನನಗೂ ಕೊಡಿ" ಅಂದರೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಆಗುವುದಿಲ್ಲ. ಮಾತಾಡಬೇಕಾದ ಸಮಯ ಮಾರ್ಚ್ ಅಲ್ಲ, ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚಿನ ವಾರ.

ಹೆಜ್ಜೆ 1: ನಾಲ್ಕು ದಿನಾಂಕಗಳನ್ನು ಬೇರೆ ಬೇರೆ ಮಾಡಿಕೊಳ್ಳಿ

ಹೈಕ್ ವಿಷಯದಲ್ಲಿ ಗೊಂದಲ ಹುಟ್ಟುವುದೇ ನಾಲ್ಕು ದಿನಾಂಕಗಳನ್ನು ಒಂದೇ ಅಂದುಕೊಳ್ಳುವುದರಿಂದ. ಅಪ್ರೈಸಲ್ ವರ್ಷ ಅಂದರೆ ಯಾವ ಅವಧಿಯ ಕೆಲಸವನ್ನು ಅಳೆಯುತ್ತಾರೆ ಅನ್ನುವುದು. ನಮ್ಮ ಉದಾಹರಣೆಯಲ್ಲಿ ಏಪ್ರಿಲ್ 1ರಿಂದ ಮಾರ್ಚ್ 31. ಕಟ್-ಆಫ್ ಅಂದರೆ ಯಾವ ದಿನದೊಳಗೆ ಸೇರಿದವರು ಈ ಸಲದ ಹೈಕ್‌ಗೆ ಅರ್ಹರು ಅನ್ನುವುದು. ಜಾರಿ ದಿನ ಅಂದರೆ ಹೊಸ ಸಂಬಳ ಯಾವತ್ತಿನಿಂದ ಲೆಕ್ಕ ಅನ್ನುವುದು. ಹೆಚ್ಚಾಗಿ ಏಪ್ರಿಲ್ 1, ಕೆಲವೆಡೆ ಜುಲೈ 1. ಕೊನೆಯದು ಲೆಟರ್ ಕೈಗೆ ಬರುವ ದಿನ. ಅದು ಮೇ, ಜೂನ್ ಆದರೂ ಆಶ್ಚರ್ಯವಿಲ್ಲ.

ಸಂದರ್ಶನದಲ್ಲಿ "ನಮ್ಮಲ್ಲಿ ಹೈಕ್ ಏಪ್ರಿಲ್‌ನಲ್ಲಿ" ಅಂತ ಹೇಳಿದರೆ ಅದು ಮೂರನೆಯ ದಿನಾಂಕ ಮಾತ್ರ. ನಿಮಗೆ ಬೇಕಾದದ್ದು ಎರಡನೆಯದು. ಅದನ್ನು ಅವರಾಗಿಯೇ ಹೇಳುವುದು ಅಪರೂಪ. ಕೇಳಿದರೆ ಮುಚ್ಚಿಡುವುದೂ ಅಪರೂಪ.

ಹೆಜ್ಜೆ 2: ಕಟ್-ಆಫ್ ವಾಕ್ಯವನ್ನು ಪದ ಬಿಡದೆ ಓದಿ

ಕಟ್-ಆಫ್ ಅನ್ನು ಎರಡು ರೀತಿ ಬರೆದಿರುತ್ತಾರೆ. ಎರಡೂ ಒಂದೇ ಅನ್ನಿಸುತ್ತದೆ, ಆದರೆ ಅಲ್ಲ.

ಒಂದು, "ಸೆಪ್ಟೆಂಬರ್ 30 ಅಥವಾ ಅದಕ್ಕೂ ಮೊದಲು ಸೇರಿದವರು ಅರ್ಹರು". ಇನ್ನೊಂದು, "ಮಾರ್ಚ್ 31ಕ್ಕೆ ಆರು ತಿಂಗಳು ಪೂರೈಸಿದವರು ಅರ್ಹರು". ಅಕ್ಟೋಬರ್ 1ಕ್ಕೆ ಸೇರಿದವರನ್ನು ಇಟ್ಟುಕೊಂಡು ನೋಡಿ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಎರಡೂ ದಿನ ಸೇರಿ, ಸರಿಯಾಗಿ ಆರು ತಿಂಗಳು. ಎರಡನೆಯ ವಾಕ್ಯದ ಪ್ರಕಾರ ಅವರು ಒಳಗೆ, ಮೊದಲನೆಯದರ ಪ್ರಕಾರ ಹೊರಗೆ. ಅಕ್ಟೋಬರ್ 2 ಗಾಂಧಿ ಜಯಂತಿ ರಜೆ. 3ಕ್ಕೆ ಸೇರಿದರೆ ಎರಡೂ ವಾಕ್ಯದಲ್ಲಿ ಹೊರಗೆ. ತಿಂಗಳ ಮೊದಲ ದಿನ ಸೇರುವ ರೂಢಿ ಇರುವವರು ಇದನ್ನು ಖಂಡಿತ ನೋಡಬೇಕು.

ಡಿಸೆಂಬರ್ 31 ಕಟ್-ಆಫ್ ಇಟ್ಟಿರುವ ಕಂಪನಿಗಳೂ ಇವೆ. ಅಲ್ಲಿ ಮೂರು ತಿಂಗಳು ಕೆಲಸ ಮಾಡಿದ್ದರೂ ಸಾಕು. ಇನ್ನು ಕೆಲವು ಕಡೆ ಪ್ರೊಬೇಷನ್ ಮುಗಿದು ಕನ್ಫರ್ಮೇಷನ್ ಆಗಿರಬೇಕು ಅನ್ನುವ ಷರತ್ತು ಬೇರೆ ಇರುತ್ತದೆ. ಆರು ತಿಂಗಳ ಪ್ರೊಬೇಷನ್ ಇದ್ದು, ಕನ್ಫರ್ಮೇಷನ್ ಲೆಟರ್ ಎಚ್‌ಆರ್ ಮೇಜಿನ ಮೇಲೆ ಇಪ್ಪತ್ತು ದಿನ ಕೂತರೆ, ನೀವು ಕಟ್-ಆಫ್ ಒಳಗೇ ಸೇರಿದ್ದರೂ ಪಟ್ಟಿಯಿಂದ ಜಾರಬಹುದು. ಪ್ರೊಬೇಷನ್ ಮುಗಿದ ಮರುದಿನವೇ ಲೆಟರ್ ಕೇಳಿ, ಸಂಕೋಚ ಬೇಡ.

ಇನ್ನೊಂದು ಕಡೆಯೂ ಗಮನ ಇರಲಿ. ಸೇರಿದ ದಿನ ಅಂದರೆ ಆಫರ್ ಒಪ್ಪಿದ ದಿನ ಅಲ್ಲ, ಆಫರ್ ಲೆಟರ್ ಮೇಲಿನ ದಿನಾಂಕವೂ ಅಲ್ಲ. ಎಚ್‌ಆರ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಇರುವ ದಿನ. ಬೇರೆ ಏಜೆನ್ಸಿಯ ಸಂಬಳಪಟ್ಟಿಯಲ್ಲಿ ಕಾಂಟ್ರಾಕ್ಟ್ ಮೇಲಿದ್ದು ನಂತರ ಕಾಯಂ ಆದವರಿಗೆ, ಸಾಮಾನ್ಯವಾಗಿ ಕಾಯಂ ಆದ ದಿನದಿಂದಲೇ ಲೆಕ್ಕ. ಎರಡು ವರ್ಷ ಅದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ್ದರೂ ಸಿಸ್ಟಮ್ ಕಣ್ಣಿಗೆ ನೀವು ಹೊಸಬರೇ. ಕಾಯಂ ಆಗುವಾಗ ಸಿಗುವ ಸಂಬಳದ ಮಾತುಕತೆಯಲ್ಲೇ ಇದನ್ನು ಸೇರಿಸಿ ಮಾತಾಡಬೇಕು.

ಹೆಜ್ಜೆ 3: ಒಳಗಿದ್ದೀರಾ? ಹಾಗಾದರೆ ಪೂರ್ತಿಯೋ, ಪ್ರೊ-ರೇಟಾವೋ ಕೇಳಿ

ಕಟ್-ಆಫ್ ಒಳಗೆ ಸೇರಿದ ಮಾತ್ರಕ್ಕೆ ಪೂರ್ತಿ ಹೈಕ್ ಸಿಗುತ್ತದೆ ಅಂತಿಲ್ಲ. ಎಷ್ಟೋ ಕಂಪನಿಗಳು ಕೆಲಸ ಮಾಡಿದ ತಿಂಗಳಿಗೆ ತಕ್ಕಂತೆ ಕೊಡುತ್ತವೆ. ಲೆಕ್ಕ ಸರಳ:

```
ಸಿಗುವ ಹೈಕ್ % = ಪೂರ್ಣ ವರ್ಷದ ಹೈಕ್ % × (ಕೆಲಸ ಮಾಡಿದ ತಿಂಗಳು ÷ 12)
```

ಮೊದಲು ಹೇಳಿದ ಇಬ್ಬರನ್ನೇ ತೆಗೆದುಕೊಳ್ಳೋಣ. ಸುಲಭವಾಗಲಿ ಅಂತ ಸೆಪ್ಟೆಂಬರ್‌ನವರು, ಅಕ್ಟೋಬರ್‌ನವರು ಅಂತಲೇ ಕರೆಯುತ್ತೇನೆ. ಇಬ್ಬರದೂ ಸಿಟಿಸಿ 9 ಲಕ್ಷ ರೂಪಾಯಿ. ಇಬ್ಬರ ರೇಟಿಂಗ್ ಕೂಡ ಒಂದೇ, ಆ ರೇಟಿಂಗ್‌ಗೆ ಪೂರ್ಣ ವರ್ಷಕ್ಕೆ ಶೇಕಡಾ 10 ಹೈಕ್ ಅನ್ನೋಣ.

ಸೆಪ್ಟೆಂಬರ್‌ನವರು ಮಾರ್ಚ್ 31ಕ್ಕೆ ಆರು ತಿಂಗಳು, ಮೇಲೆ ಎರಡು ದಿನ ಕೆಲಸ ಮಾಡಿದ್ದಾರೆ. ಆರು ತಿಂಗಳು ಅಂತ ಹಿಡಿದರೆ 10ರಲ್ಲಿ ಅರ್ಧ, ಅಂದರೆ ಶೇಕಡಾ 5. 2026ರ ಏಪ್ರಿಲ್‌ನಿಂದ ಅವರ ಸಂಬಳ 9,45,000. 2027ರ ಏಪ್ರಿಲ್‌ನಲ್ಲಿ ಪೂರ್ಣ ಶೇಕಡಾ 10 ಸಿಕ್ಕರೆ 10,39,500.

ಅಕ್ಟೋಬರ್‌ನವರಿಗೆ 2026ರಲ್ಲಿ ಏನೂ ಇಲ್ಲ, 9 ಲಕ್ಷದಲ್ಲೇ ಮುಂದುವರಿಯುತ್ತಾರೆ. 2027ರಲ್ಲಿ ಶೇಕಡಾ 10 ಸಿಕ್ಕರೆ 9,90,000. ಮೊದಲ ವರ್ಷ 45,000 ಕಡಿಮೆ, ಎರಡನೇ ವರ್ಷ 49,500 ಕಡಿಮೆ. ಅಂತರ ಅಲ್ಲಿಗೆ ನಿಲ್ಲುವುದೂ ಇಲ್ಲ. ಮುಂದಿನ ಹೈಕ್‌ಗಳೆಲ್ಲ ಶೇಕಡಾವಾರಿನಲ್ಲೇ ಬರುವುದರಿಂದ, ಕೆಳಗಿನ ಮೊತ್ತದ ಮೇಲೆ ಬೀಳುವ ಹೈಕ್ ಯಾವಾಗಲೂ ಕೆಳಗೇ ಇರುತ್ತದೆ.

ಪ್ರೊ-ರೇಟಾ ಮಾಡದ ಕಂಪನಿಯಾದರೆ ಅಂತರ ಇನ್ನೂ ದೊಡ್ಡದು. ಸೆಪ್ಟೆಂಬರ್‌ನವರಿಗೆ ಆರೇ ತಿಂಗಳಿಗೆ ಪೂರ್ತಿ ಶೇಕಡಾ 10 ಸಿಗುತ್ತದೆ: 9,90,000, ಮರುವರ್ಷ 10,89,000. ಅಕ್ಟೋಬರ್‌ನವರು ಅದೇ ಮರುವರ್ಷ 9,90,000ಕ್ಕೆ ಬಂದು ನಿಂತಿರುತ್ತಾರೆ. ಒಂದು ವಾರಕ್ಕೆ ವರ್ಷಕ್ಕೆ 99,000!

ಇಲ್ಲಿ ಒಂದು ಎಚ್ಚರಿಕೆ. ಇವೆಲ್ಲ ಸಿಟಿಸಿ ಲೆಕ್ಕ. 45,000 ಅಂದರೆ ತಿಂಗಳಿಗೆ 3,750. ಅದರಲ್ಲಿ ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಎಲ್ಲ ಸೇರಿರಬಹುದು, ಮೇಲೆ ತೆರಿಗೆಯೂ ಇರಬಹುದು. ಬ್ಯಾಂಕಿಗೆ ಬೀಳುವುದು ಅದಕ್ಕಿಂತ ಕಡಿಮೆಯೇ.

ಹೆಜ್ಜೆ 4: ಹೊರಗಿದ್ದೀರಾ? ಹಾಗಾದರೆ ಆ ಆರು ತಿಂಗಳು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದೇ, ಜನ ಕೇಳದೇ ಇರುವ ಪ್ರಶ್ನೆಯೂ ಇದೇ. ಎಲ್ಲರೂ "ನಾನು ಅರ್ಹನಾ, ಅಲ್ವಾ" ಅನ್ನುವುದರಲ್ಲೇ ಸಿಕ್ಕಿಬೀಳುತ್ತಾರೆ. ಅರ್ಹರಲ್ಲ ಅಂದಮೇಲೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಾಡಿದ ಕೆಲಸ ಮುಂದಿನ ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಬರುತ್ತದೋ, ಹಾಗೇ ಆವಿಯಾಗುತ್ತದೋ?

ಎರಡೂ ರೀತಿಯ ಕಂಪನಿಗಳಿವೆ. ಒಳ್ಳೆಯ ಪದ್ಧತಿ ಇರುವ ಕಡೆ ಪ್ರೊ-ರೇಟಾ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಹನ್ನೆರಡು ತಿಂಗಳಿಗಿಂತ ಕಡಿಮೆ ಆದವರಿಗೆ ಕಡಿಮೆ, ಜಾಸ್ತಿ ಆದವರಿಗೆ ಜಾಸ್ತಿ. ಅಕ್ಟೋಬರ್ 6ರಿಂದ 2027ರ ಮಾರ್ಚ್ 31ರವರೆಗೆ ಕೆಲವೇ ದಿನ ಕಡಿಮೆ ಹದಿನೆಂಟು ತಿಂಗಳು. ಹದಿನೆಂಟು ಅಂತಲೇ ಹಿಡಿದರೆ 10 × 18 ÷ 12, ಅಂದರೆ ಶೇಕಡಾ 15. ಆಗ ಅಕ್ಟೋಬರ್‌ನವರ ಸಂಬಳ 10,35,000. ಸೆಪ್ಟೆಂಬರ್‌ನವರದು 10,39,500 ಇತ್ತಲ್ಲ, ಅಂತರ ಬರೀ 4,500ಕ್ಕೆ ಇಳಿಯಿತು. ನಡುವಿನ ವರ್ಷದ 45,000 ಹೋದದ್ದು ಹೋಯಿತು, ಆದರೆ ಅಡಿಪಾಯ ಸರಿಯಾಯಿತು.

ಪೂರ್ಣಗೊಂಡ ತಿಂಗಳನ್ನು ಮಾತ್ರ ಎಣಿಸುವ ಕಂಪನಿಯಾದರೆ ಹದಿನೇಳು ಆಗುತ್ತದೆ. ದಿನದ ಲೆಕ್ಕ ಹಿಡಿದರೆ 542 ದಿನ, ಅಂದರೆ ಶೇಕಡಾ 14.85 ಸುಮಾರು. ಈ ಸಣ್ಣ ಕೂದಲು ಸೀಳುವಿಕೆಗೆ ಜಗಳ ಆಡಬೇಕಿಲ್ಲ. ಹದಿನೆಂಟನ್ನು ಹನ್ನೆರಡು ಮಾಡಿಬಿಡುತ್ತಾರಾ ಅನ್ನುವುದಷ್ಟೇ ದೊಡ್ಡ ವಿಷಯ.

ಕಡಿಮೆ ತಿಂಗಳಿಗೆ ಹೈಕ್ ಕತ್ತರಿಸುವ ಕಂಪನಿ, ಜಾಸ್ತಿ ತಿಂಗಳಿಗೆ ಕೊಡುವುದಿಲ್ಲ ಅಂದರೆ ಅದು ಸರಿಯಲ್ಲ ಅಂತಲೇ ನಾನು ಹೇಳುತ್ತೇನೆ. ತರ್ಕ ಒಂದೇ ಆಗಿದ್ದರೆ ಎರಡೂ ಕಡೆ ಅನ್ವಯಿಸಬೇಕು. ಮಾತುಕತೆಯಲ್ಲಿ ಈ ಮಾತನ್ನು ನಯವಾಗಿ ಹೇಳಿದರೆ ಎಚ್‌ಆರ್‌ಗೆ ಉತ್ತರ ಕೊಡುವುದು ಕಷ್ಟವಾಗುತ್ತದೆ.

ಸರ್ಕಾರಿ ಕೆಲಸದಲ್ಲಿ ಇದು ಹೇಗೆ?

ಸ್ವಲ್ಪ ಪಕ್ಕಕ್ಕೆ ಹೋಗಿ ಬರೋಣ, ಹೋಲಿಕೆಗೆ ಒಳ್ಳೆಯದು. ಕೇಂದ್ರ ಸರ್ಕಾರಿ ನೌಕರರಿಗೂ ಇದೇ ಸಮಸ್ಯೆ ಇತ್ತು. ಆರನೇ ವೇತನ ಆಯೋಗದ ಕಾಲದಲ್ಲಿ ಎಲ್ಲರಿಗೂ ಇನ್‌ಕ್ರಿಮೆಂಟ್ ಒಂದೇ ದಿನ, ಜುಲೈ 1. ಅಷ್ಟರಲ್ಲಿ ಆರು ತಿಂಗಳು ಆಗಿರದಿದ್ದರೆ ಮುಂದಿನ ಜುಲೈವರೆಗೆ ಕಾಯಬೇಕಿತ್ತು. ಏಳನೇ ಆಯೋಗದ ನಂತರ 2016ರ ನಿಯಮಗಳಲ್ಲಿ ಎರಡು ದಿನ ಮಾಡಿದರು: ಜನವರಿ 1 ಮತ್ತು ಜುಲೈ 1. ಜನವರಿ 2ರಿಂದ ಜುಲೈ 1ರೊಳಗೆ ಸೇರಿದವರಿಗೆ ಜನವರಿಯಲ್ಲಿ, ಜುಲೈ 2ರಿಂದ ಜನವರಿ 1ರೊಳಗೆ ಸೇರಿದವರಿಗೆ ಜುಲೈಯಲ್ಲಿ. ಅಲ್ಲೂ ಗೆರೆ ಇದೆ. ಜುಲೈ 1ಕ್ಕೆ ಸೇರಿದವರು ಆರು ತಿಂಗಳಿಗೇ ಮೊದಲ ಇನ್‌ಕ್ರಿಮೆಂಟ್ ನೋಡುತ್ತಾರೆ, 2ಕ್ಕೆ ಸೇರಿದವರು ಹೆಚ್ಚುಕಡಿಮೆ ಒಂದು ವರ್ಷ ಕಾಯುತ್ತಾರೆ. ಆದರೆ ಕಾಯುವಿಕೆ ಒಂದು ವರ್ಷ ದಾಟುವುದಿಲ್ಲ. ಎರಡು ದಿನ ಇಟ್ಟಿದ್ದರ ಲಾಭ ಅದೇ. ವರ್ಷಕ್ಕೆ ಎರಡು ಅಪ್ರೈಸಲ್ ಇಟ್ಟಿರುವ ಖಾಸಗಿ ಕಂಪನಿಗಳೂ ಇದೇ ಲೆಕ್ಕಾಚಾರದಲ್ಲಿ ನಡೆಯುತ್ತವೆ.

ನಮ್ಮ ಕೆಪಿಟಿಸಿಎಲ್ ನೌಕರರ ಪ್ರಕರಣವೊಂದು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಒಂದು ವರ್ಷ ಪೂರ್ತಿ ದುಡಿದು, ಇನ್‌ಕ್ರಿಮೆಂಟ್ ಬರುವ ಹಿಂದಿನ ದಿನ ನಿವೃತ್ತರಾದವರಿಗೆ ಆ ಇನ್‌ಕ್ರಿಮೆಂಟ್ ಇಲ್ಲ ಅನ್ನಬಹುದಾ ಅನ್ನುವುದು ಪ್ರಶ್ನೆ. ಹಾಗೆ ಅನ್ನಲಾಗದು, ಅದು ದುಡಿದ ವರ್ಷಕ್ಕೆ ಸಂದ ಫಲ ಅಂತ 2023ರ ಏಪ್ರಿಲ್ 11ರಂದು ಕೋರ್ಟ್ ಹೇಳಿತು. ಇದನ್ನು ಓದಿ ಖಾಸಗಿ ಕಂಪನಿಯವರು ಆಸೆ ಪಡುವಂತಿಲ್ಲ. ಸರ್ಕಾರಿ ಇನ್‌ಕ್ರಿಮೆಂಟ್ ಸೇವಾ ನಿಯಮದಲ್ಲೇ ಬರೆದಿರುವ ಹಕ್ಕು. ಖಾಸಗಿ ಹೈಕ್ ಹೆಚ್ಚಿನ ಕಡೆ ಕಂಪನಿಯ ವಿವೇಚನೆಗೆ ಬಿಟ್ಟದ್ದು, ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲೇ ಹಾಗಂತ ಒಂದು ಸಾಲು ಇರುತ್ತದೆ. ಹಾಗಾಗಿ ನಿಮ್ಮ ಬಲ ಇರುವುದು ಕಾಗದದಲ್ಲಿ ಏನು ಬರೆಸಿಕೊಳ್ಳುತ್ತೀರಿ ಅನ್ನುವುದರಲ್ಲಿ.

ಹೆಜ್ಜೆ 5: ಸೇರುವ ದಿನವನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಆರಿಸಿ

ನಮ್ಮ ಕಡೆ ಹೊಸ ಕೆಲಸಕ್ಕೆ ಸೇರುವ ದಿನವನ್ನು ಆರಿಸುವುದು ಎಚ್‌ಆರ್ ಮಾತ್ರ ಅಲ್ಲ, ಮನೆಯವರೂ ಹೌದು. ಪಿತೃಪಕ್ಷದಲ್ಲಿ ಸೇರುವುದು ಬೇಡ ಅನ್ನುವವರು ಬೇಕಾದಷ್ಟಿದ್ದಾರೆ. 2025ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ ಇತ್ತು. 22ರಿಂದ ನವರಾತ್ರಿ. ಅಂದರೆ ಪಕ್ಷ ಮುಗಿಸಿಕೊಂಡು, ಕಟ್-ಆಫ್ ಒಳಗೇ ಸೇರಲು ಒಂದು ವಾರದ ಮೇಲೆ ಸಮಯ ಇತ್ತು. 2026ರಲ್ಲಿ ಅಧಿಕ ಮಾಸ ಬಂದಿದೆ, ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ ಬೀಳುತ್ತದೆ. ಪಕ್ಷ ಮುಗಿಯಲಿ ಅಂತ ಕಾದರೆ ಸೆಪ್ಟೆಂಬರ್ 30 ದಾಟಿಯೇ ಹೋಗುತ್ತದೆ. ಪಕ್ಷ ಶುರುವಾಗುವ ಮುಂಚೆ, ಗಣೇಶನ ಹಬ್ಬದ ಆಸುಪಾಸಿನಲ್ಲೇ ಸೇರುವ ಹಾಗೆ ನೋಟಿಸ್ ಪೀರಿಯಡ್ ಹೊಂದಿಸಿಕೊಳ್ಳಬೇಕು. ಮೂರು ತಿಂಗಳ ನೋಟಿಸ್ ಇರುವವರು ಜೂನ್ ಮಧ್ಯದ ಹೊತ್ತಿಗೇ ರಾಜೀನಾಮೆ ಕೊಟ್ಟಿರಬೇಕಾಗುತ್ತದೆ.

ದಿನ ಕಡಿಮೆ ಬೀಳುತ್ತಿದ್ದರೆ ಬೈ-ಔಟ್ ಲೆಕ್ಕ ಹಾಕಿ. ಅಕ್ಟೋಬರ್‌ನವರ ಹಳೆಯ ಸಂಬಳ ತಿಂಗಳಿಗೆ 60,000 ಇತ್ತು ಅನ್ನೋಣ. ಒಂದು ವಾರ ಮುಂಚೆ ಬಿಡುಗಡೆ ಆಗಲು 60,000 ÷ 30 × 7, ಅಂದರೆ 14,000 ರೂಪಾಯಿ ಕಟ್ಟಬೇಕಾಗಬಹುದು. ಆ ವಾರದ ಸಂಬಳ ಹೊಸ ಕಂಪನಿಯಿಂದ ಹೇಗೂ ಬರುತ್ತದೆ. ಎದುರಿಗೆ ಮೊದಲ ವರ್ಷವೇ 45,000 ಹೋಗುವುದು ನಿಂತಿದೆ. ಲೆಕ್ಕ ಸ್ಪಷ್ಟವಾಗಿಯೇ ಇದೆ. ಆದರೆ ಹಳೆಯ ಕಂಪನಿ ಒಪ್ಪಬೇಕು. ಕೆಲವರು ಬೇಸಿಕ್ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ, ಕೆಲವರು ಪೂರ್ತಿ ಸಂಬಳದ ಮೇಲೆ. ಉಳಿದ ರಜೆಯನ್ನು ನೋಟಿಸ್‌ಗೆ ಹೊಂದಿಸಲು ಬಿಡುವ ಕಡೆ ಏನೂ ಕಟ್ಟದೆಯೇ ಮುಗಿಯಬಹುದು. ರಿಲೀವಿಂಗ್ ಲೆಟರ್ ಇಲ್ಲದೆ ಓಡಿ ಬರುವುದು ಮಾತ್ರ ಬೇಡ. ಅದರ ತಲೆನೋವು ಯಾವ ಹೈಕ್‌ಗಿಂತಲೂ ದೊಡ್ಡದು.

ಹೊಸ ಕಂಪನಿಯಲ್ಲಿ ಸೆಪ್ಟೆಂಬರ್ 30 ದಾಟಿದವರಿಗೂ ಹೆಚ್ಚುವರಿ ತಿಂಗಳು ಲೆಕ್ಕಕ್ಕೆ ಬರುತ್ತದೆ ಅಂತ ಬರವಣಿಗೆಯಲ್ಲಿ ಸಿಕ್ಕರೆ, ಇಷ್ಟೆಲ್ಲ ಒದ್ದಾಡುವ ಅಗತ್ಯ ಕಡಿಮೆ. ಹಬ್ಬ ಮುಗಿಸಿಯೇ ಹೋಗಿ.

ಹೆಜ್ಜೆ 6: ದಿನ ಬದಲಾಗದು ಅಂದರೆ ಆಫರ್‌ನಲ್ಲೇ ಸರಿಪಡಿಸಿಕೊಳ್ಳಿ

ಕಟ್-ಆಫ್ ಅನ್ನು ನಿಮಗೋಸ್ಕರ ಬದಲಾಯಿಸಿ ಅಂತ ಕೇಳಿದರೆ "ಪಾಲಿಸಿ ಹಾಗಿದೆ" ಅನ್ನುವ ಉತ್ತರ ಬರುತ್ತದೆ. ಅದು ನಿಜ ಕೂಡ. ಒಬ್ಬರಿಗೆ ಸಡಿಲ ಮಾಡಿದರೆ ಎಲ್ಲರೂ ಕೇಳುತ್ತಾರೆ. ಆದರೆ ಆಫರ್‌ನ ಮೊತ್ತ ಪಾಲಿಸಿ ಅಲ್ಲ. ಅಲ್ಲಿ ಜಾಗ ಇರುತ್ತದೆ. "ಮೊದಲ ಹೈಕ್‌ಗೆ ಹದಿನೆಂಟು ತಿಂಗಳು ಕಾಯಬೇಕಲ್ಲ, ಹಾಗಾಗಿ ಫಿಕ್ಸೆಡ್ ಸಂಬಳದಲ್ಲಿ ಸ್ವಲ್ಪ ನೋಡಿ" ಅನ್ನುವುದು ಎಚ್‌ಆರ್‌ಗೆ ಅರ್ಥವಾಗುವ ಮಾತು. ನಮ್ಮ ಉದಾಹರಣೆಯಲ್ಲಿ 9 ಲಕ್ಷದ ಬದಲು 9,40,000ಕ್ಕೆ ಒಪ್ಪಿದರೂ ನಷ್ಟ ಬಹುಪಾಲು ತುಂಬಿದಂತೆ.

ಜಾಯಿನಿಂಗ್ ಬೋನಸ್ ಕೊಡುತ್ತೇವೆ ಅಂದರೆ ಸಂತೋಷ, ಆದರೆ ಅದು ಒಂದೇ ಸಲ ಬರುವ ಹಣ. ಮುಂದಿನ ಹೈಕ್ ಅದರ ಮೇಲೆ ಬೀಳುವುದಿಲ್ಲ. ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತೂ ಸಾಮಾನ್ಯ. ಎರಡರಲ್ಲಿ ಒಂದು ಅಂದರೆ ಫಿಕ್ಸೆಡ್ ಕಡೆಗೇ ಕೈ ಹಾಕಿ.

ಎಚ್‌ಆರ್‌ಗೆ ಬರೆಯುವ ಮೇಲ್‌ನಲ್ಲಿ ಇಷ್ಟು ಇದ್ದರೆ ಸಾಕು:

"ನಾನು ಅಕ್ಟೋಬರ್ 6ರಂದು ಸೇರುತ್ತಿದ್ದೇನೆ. ದಯವಿಟ್ಟು ಮೂರು ವಿಷಯ ಖಚಿತಪಡಿಸಿ. ನನ್ನ ಮೊದಲ ಸಂಬಳ ಪರಿಷ್ಕರಣೆ ಯಾವ ದಿನದಿಂದ ಜಾರಿಗೆ ಬರುತ್ತದೆ? ಅದು ತಿಂಗಳ ಲೆಕ್ಕದಲ್ಲಿ ಪ್ರೊ-ರೇಟಾ ಆಗುತ್ತದೆಯೇ? ಹನ್ನೆರಡು ತಿಂಗಳಿಗಿಂತ ಹೆಚ್ಚಿನ ಅವಧಿಯನ್ನು ಅದರಲ್ಲಿ ಪರಿಗಣಿಸಲಾಗುತ್ತದೆಯೇ?"

ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಬರೆಯಿರಿ. ಫೋನ್‌ನಲ್ಲಿ ಕೇಳಿದರೆ "ಹಾಂ ಹಾಂ, ಆಗುತ್ತೆ" ಅನ್ನುತ್ತಾರೆ. ಆ ಎಚ್‌ಆರ್ ಮುಂದಿನ ಏಪ್ರಿಲ್ ಹೊತ್ತಿಗೆ ಬೇರೆ ಕಂಪನಿಯಲ್ಲಿರಬಹುದು. ಮೇಲ್ ಇಲ್ಲೇ ಇರುತ್ತದೆ.

ಹೆಜ್ಜೆ 7: ಸೇರಿದ ಮೇಲೆ ಸಿಸ್ಟಮ್‌ನಲ್ಲಿ ನೋಡಿಕೊಳ್ಳಿ

ಅರ್ಹರಾಗಿದ್ದೂ ಪಟ್ಟಿಯಿಂದ ಬಿಟ್ಟುಹೋಗುವವರು ಇದ್ದಾರೆ. ಅದು ತಿಳಿಯುವುದು ಸುಲಭ: ಜನವರಿಯಲ್ಲಿ ಪಕ್ಕದವರಿಗೆ ಸೆಲ್ಫ್ ಅಪ್ರೈಸಲ್ ಫಾರ್ಮ್ ತೆರೆದಿದೆ, ನಿಮಗೆ ತೆರೆದಿಲ್ಲ. ಆಗ ಸುಮ್ನೆ ಕೂರಬೇಡಿ. ಪೋರ್ಟಲ್‌ನಲ್ಲಿ ಸೇರಿದ ದಿನಾಂಕ ತಪ್ಪಾಗಿರಬಹುದು, ಪ್ರೊಬೇಷನ್ ಅಂತಲೇ ತೋರಿಸುತ್ತಿರಬಹುದು, ಅಥವಾ ಗೋಲ್ಸ್ ತುಂಬಿರದೇ ಇರಬಹುದು. ವರ್ಷದ ನಡುವೆ ಸೇರಿದವರಿಗೆ ಗೋಲ್ಸ್ ತುಂಬುವ ಪುಟವನ್ನು ಯಾರೋ ಕೈಯಿಂದ ತೆರೆದು ಕೊಡಬೇಕಾಗುತ್ತದೆ, ಏಪ್ರಿಲ್‌ನಲ್ಲಿ ಎಲ್ಲರಿಗೂ ತೆರೆದಂತೆ ತಾನಾಗೇ ತೆರೆಯುವುದಿಲ್ಲ. ಸೇರಿದ ಮೊದಲ ತಿಂಗಳಲ್ಲೇ ಮ್ಯಾನೇಜರ್ ಹತ್ತಿರ ಕೇಳಿ ತುಂಬಿಬಿಡಿ. ನಡುವೆ ಮ್ಯಾನೇಜರ್ ಬದಲಾದರೆ ಹಳಬರಿಂದ ನಾಲ್ಕು ಸಾಲು ಬರೆಸಿಟ್ಟುಕೊಳ್ಳಿ.

ಫಾರ್ಮ್ ತೆರೆದರೂ ರೇಟಿಂಗ್ ಜಾಗದಲ್ಲಿ "ರೇಟ್ ಮಾಡಲು ಹೊಸಬರು" ಅನ್ನುವ ಅರ್ಥದ ಒಂದು ಗುರುತು ಬರಬಹುದು. ಅದು ಕೆಟ್ಟ ರೇಟಿಂಗ್ ಅಲ್ಲ. ಆದರೆ ಹೈಕ್ ಇಲ್ಲ ಅನ್ನುವುದಕ್ಕೆ ಸೂಚನೆ.

ಬೋನಸ್ ಅಥವಾ ವೇರಿಯಬಲ್ ವಿಷಯ ಬೇರೆ. ಅದಕ್ಕೆ ಬೇರೆಯೇ ಕಟ್-ಆಫ್ ಇರುತ್ತದೆ. ಹೈಕ್‌ಗೆ ಅರ್ಹರಲ್ಲದವರಿಗೂ ಕೆಲಸ ಮಾಡಿದ ತಿಂಗಳಿಗೆ ವೇರಿಯಬಲ್ ಕೊಡುವ ಕಂಪನಿಗಳು ಸಾಕಷ್ಟಿವೆ. ಹೈಕ್ ಇಲ್ಲ ಅಂದಾಕ್ಷಣ ಇದನ್ನೂ ಕೈಬಿಡಬೇಡಿ, ಪ್ರತ್ಯೇಕವಾಗಿ ಕೇಳಿ.

ಹೆರಿಗೆ ರಜೆಯಲ್ಲಿದ್ದ ತಿಂಗಳನ್ನು ಪ್ರೊ-ರೇಟಾದಲ್ಲಿ ಕಳೆದಿದ್ದಾರಾ ಅಂತಲೂ ನೋಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಸೆಕ್ಷನ್‌ನ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ 68ನೇ ಸೆಕ್ಷನ್, ಆ ರಜೆಯಲ್ಲಿರುವಾಗ ಮಹಿಳೆಯ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಾಯಿಸಬಾರದು ಅನ್ನುತ್ತದೆ. ಕಳೆದಿದ್ದರೆ ಆ ಸೆಕ್ಷನ್ ಹೆಸರು ಹೇಳಿ ಬರವಣಿಗೆಯಲ್ಲೇ ವಿವರಣೆ ಕೇಳಿ.

ಹೆಜ್ಜೆ 8: ಲೆಟರ್ ಬಂದಾಗ

ಜೂನ್‌ನಲ್ಲಿ ಲೆಟರ್ ಬಂದು ಜಾರಿ ದಿನ ಏಪ್ರಿಲ್ 1 ಅಂತಿದ್ದರೆ ಏಪ್ರಿಲ್, ಮೇ ತಿಂಗಳ ವ್ಯತ್ಯಾಸ ಅರಿಯರ್ಸ್ ಆಗಿ ಬರಬೇಕು. ಜೂನ್ ಪೇ-ಸ್ಲಿಪ್‌ನಲ್ಲಿ ಆ ಸಾಲು ಬೇರೆಯಾಗಿ ಕಾಣುತ್ತದೆ. ಕಾಣದಿದ್ದರೆ ಅದೇ ವಾರ ಪೇ-ರೋಲ್‌ನವರಿಗೆ ಬರೆಯಿರಿ.

ಶೇಕಡಾವಾರು ನೀವಂದುಕೊಂಡದ್ದಕ್ಕಿಂತ ಕಡಿಮೆ ಇದ್ದರೆ, ಮೊದಲು ಎಚ್‌ಆರ್‌ಗೆ ಎರಡು ಅಂಕಿ ಕೇಳಿ: ನನ್ನ ರೇಟಿಂಗ್‌ಗೆ ಪೂರ್ಣ ವರ್ಷದ ಹೈಕ್ ಎಷ್ಟು, ನನಗೆ ಎಷ್ಟು ತಿಂಗಳು ಹಿಡಿದಿದ್ದೀರಿ? ಮೇಲಿನ ಸೂತ್ರಕ್ಕೆ ಹಾಕಿದರೆ ತಪ್ಪು ತಿಂಗಳಿನಲ್ಲಿದೆಯೋ, ರೇಟಿಂಗ್‌ನಲ್ಲಿದೆಯೋ ಗೊತ್ತಾಗುತ್ತದೆ. ತಿಂಗಳಿನ ತಪ್ಪನ್ನು ಎಚ್‌ಆರ್ ತಿದ್ದಬಲ್ಲರು. ರೇಟಿಂಗ್ ಆದರೆ ಮಾತು ಮ್ಯಾನೇಜರ್ ಜೊತೆ.

ಇನ್ನು, ಲೆಟರ್ ಬರುವ ಮುಂಚೆ ರಾಜೀನಾಮೆ ಕೊಟ್ಟರೆ, ಏಪ್ರಿಲ್ 1ರಂದು ಅರ್ಹರೇ ಆಗಿದ್ದರೂ ಹೆಚ್ಚಿನ ಕಂಪನಿಗಳು ಆ ಹೈಕ್ ತಡೆದುಬಿಡುತ್ತವೆ. ನೋಟಿಸ್ ಪೀರಿಯಡ್‌ನಲ್ಲಿ ಇರುವವರು ಅರ್ಹರಲ್ಲ ಅನ್ನುವ ಸಾಲು ಪಾಲಿಸಿಯ ಕೊನೆಯಲ್ಲೆಲ್ಲೋ ಇರುತ್ತದೆ. ಬಿಡುವ ಯೋಚನೆ ಇದ್ದರೆ, ಅರಿಯರ್ಸ್ ಖಾತೆಗೆ ಬಿದ್ದ ಮೇಲೆ ಪೋರ್ಟಲ್‌ನಲ್ಲಿ ರಾಜೀನಾಮೆ ಬಟನ್ ಒತ್ತಿ.